ಆಗ್ರಾದಲ್ಲಿ ಬೀಳದ ನೆರಳು

ಲೈಡನ್, ನೆದರ್‌ಲ್ಯಾಂಡ್ಸ್
12 ಮೇ 2025

ತೀರ್ಥರೂಪರಾದ ದೊಡ್ಡಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಮೊದಲು ನಿಮಗೆ ಬೇಕಾದ ಮಾತು. ಆ ಕ್ಯಾಲೆಂಡರಿನ ಚಿತ್ರದಲ್ಲಿರುವ ಮನುಷ್ಯ ನೀವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಚಿತ್ರ ತೆಗೆದ ಹೊತ್ತಿನಲ್ಲಿ ನೀವು ನಿಂತಿದ್ದದ್ದು ಹಿರಿಯೂರಿನಲ್ಲಿ, ನಿಮ್ಮ ಹೈಸ್ಕೂಲಿನ ಅಂಗಳದಲ್ಲಿ. ಹಿಂದಿನ ತಾಜ್ ಮಹಲ್ ಆಮೇಲೆ ಬಂದು ಸೇರಿದ್ದು. ನಿಮ್ಮ ನೆನಪಿಗೆ ಏನೂ ಆಗಿಲ್ಲ. ಯಾಕೆ ಹೀಗೆ ಖಚಿತವಾಗಿ ಹೇಳುತ್ತೇನೆ ಎಂಬುದನ್ನು ಒಂದೊಂದಾಗಿ ಬರೆಯುತ್ತೇನೆ. ಮೂವತ್ತು ವರ್ಷ ಅಕ್ಷಾಂಶ ರೇಖಾಂಶ ಕಲಿಸಿದವರು ನೀವು, ನನ್ನ ಮಾತನ್ನು ಸುಮ್ಮನೆ ನಂಬಬೇಕಾಗಿಲ್ಲ. ಪ್ರತಿಯೊಂದನ್ನೂ ಸ್ಕೇಲು, ಪೆನ್ಸಿಲು ಹಿಡಿದು ಅಲ್ಲೇ ಪರೀಕ್ಷಿಸಬಹುದು.

ಅಣ್ಣ ಫೋನಿನಲ್ಲಿ ಹೇಳಿದ್ದನ್ನೂ ನೀವು ಬರೆದದ್ದನ್ನೂ ಜೋಡಿಸಿಕೊಂಡರೆ ನಡೆದದ್ದು ಇಷ್ಟು. ಜನವರಿಯಲ್ಲಿ ಕಟಿಂಗ್ ಶಾಪಿನ ಕುರ್ಚಿಯಲ್ಲಿ ಕೂತಿದ್ದಾಗ, ಎದುರಿನ ಕನ್ನಡಿಯಲ್ಲಿ ಬೆನ್ನ ಹಿಂದಿನ ಗೋಡೆಯ ಕ್ಯಾಲೆಂಡರ್ ಕಂಡಿತು. ಒಂದು ಟೂರ್ ಕಂಪನಿಯ ಕ್ಯಾಲೆಂಡರ್. ಅದರಲ್ಲಿ ತಾಜ್ ಮಹಲಿನ ಕೊಳದ ಪಕ್ಕ ಬಿಳಿ ಶರ್ಟು ಹಾಕಿಕೊಂಡು ನಿಂತವರು ನೀವು. ಕೆಳಗೆ ‘ನಮ್ಮ ಉತ್ತರ ಭಾರತ ಪ್ರವಾಸ, 25-12-2015’ ಎಂದು ಅಚ್ಚಾಗಿದೆ. ಶಿರಡಿ ದಾಟಿ ಉತ್ತರಕ್ಕೆ ಹೋದವರಲ್ಲ ನೀವು. ಕಂಪನಿಯವರ ಹತ್ತಿರ ಹೋಗಿ ಕೇಳಿದರೆ, ‘ನೀವೇ ಬಂದಿದ್ರಿ ಮೇಷ್ಟ್ರೇ, ಮರೆತುಹೋಗಿದೆ ಅಷ್ಟೇ’ ಎಂದರು. ಅವರ ಜೊತೆ ನೀವು ಒಮ್ಮೆ ಪಂಢರಪುರ, ಶಿರಡಿಗೆ ಹೋಗಿಬಂದದ್ದು ನಿಜವಾದ್ದರಿಂದ ಆ ಮಾತಿಗೆ ಬಲ ಬಂತು. ಆ ಡಿಸೆಂಬರಿನಲ್ಲಿ ದೊಡ್ಡಮ್ಮ ಅಕ್ಕನ ಬಾಣಂತನಕ್ಕೆಂದು ಬೆಂಗಳೂರಿನಲ್ಲಿದ್ದರು, ಅಣ್ಣ ಕೆಲಸದ ಮೇಲೆ ಹುಬ್ಬಳ್ಳಿಯಲ್ಲಿದ್ದ. ಹೀಗಾಗಿ ‘ಇಲ್ಲ, ಮನೆಯಲ್ಲೇ ಇದ್ದರು’ ಎಂದು ಆಣೆ ಮಾಡಿ ಹೇಳುವವರು ಯಾರೂ ಸಿಗಲಿಲ್ಲ. ಕೊನೆಗೆ ಮನೆಯಲ್ಲೇ ನಿಮಗೆ ಮರೆವು ಶುರುವಾಗಿದೆಯೋ ಏನೋ ಎಂಬ ಗುಸುಗುಸು.

ಅಣ್ಣ ಮೊದಲು ಕಳಿಸಿದ್ದು ವಾಟ್ಸಾಪಿನಲ್ಲಿ, ಗೋಡೆಯ ಮೇಲಿದ್ದ ಕ್ಯಾಲೆಂಡರಿಗೆ ಮೊಬೈಲ್ ಹಿಡಿದು ತೆಗೆದದ್ದು. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ, ಯಾವ ಕ್ಯಾಮೆರಾ, ಯಾವ ದಿನ ಎಂಬ ಒಳಗಿನ ಮಾಹಿತಿಯನ್ನೂ ಅಳಿಸಿಬಿಡುತ್ತದೆ. ಆಮೇಲೆ ನಾನು ಕೇಳಿದ ಹಾಗೆ ಹಾಳೆಯನ್ನು ಬಿಚ್ಚಿ ಸ್ಕ್ಯಾನ್ ಮಾಡಿಸಿದ: 600 ಡಿಪಿಐ, ಬಣ್ಣ ತಿದ್ದುವ ಆಟೋ ಸೆಟ್ಟಿಂಗುಗಳೆಲ್ಲ ಬಂದ್, ಹಾಳೆಯ ಹಿಂದೆ ಒಂದು ಕಪ್ಪು ಕಾಗದ. ಕಪ್ಪು ಕಾಗದ ಯಾಕೆಂದರೆ ಕ್ಯಾಲೆಂಡರಿನ ಹಿಂಬದಿಯ ಅಚ್ಚು ಸ್ಕ್ಯಾನರಿನ ಬೆಳಕಿಗೆ ಇತ್ತ ಕಡೆ ಮೂಡಿಬಿಡುತ್ತದೆ. ಕಡತವನ್ನು ಫೋಟೊ ಅಂತ ಕಳಿಸದೆ ‘ಡಾಕ್ಯುಮೆಂಟ್’ ಅಂತ ಕಳಿಸಿದ, ಹಾಗಾಗಿ ಕುಗ್ಗಲಿಲ್ಲ.

ಇಷ್ಟೆಲ್ಲ ಮಾಡಿದರೂ ಅದು ಅಚ್ಚಾದ ಚಿತ್ರ. ಭೂತಗನ್ನಡಿ ಹಿಡಿದು ನೋಡಿ: ನಿಮ್ಮ ಮುಖ, ಗುಮ್ಮಟ, ಆಕಾಶ ಎಲ್ಲವೂ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳು. ಎರಡು ಫೋಟೊ ಸೇರಿಸಿದಾಗ ಒಂದರ ಕಾಳುಕಾಳು ಇನ್ನೊಂದಕ್ಕಿಂತ ಬೇರೆ ಇರುತ್ತದೆ, ಕತ್ತರಿಸಿದ ಅಂಚಿನಲ್ಲಿ ತೆಳುವಾದ ಬಿಳಿ ಗೆರೆ ಉಳಿಯುತ್ತದೆ ಎನ್ನುವುದೆಲ್ಲ ನಿಜ, ಆದರೆ ಅಚ್ಚಿನ ಚುಕ್ಕಿಗಳು ಅವನ್ನೆಲ್ಲ ನುಂಗಿಹಾಕುತ್ತವೆ. ‘ಜೂಮ್ ಮಾಡಿ ನೋಡಿದೆ, ಜೋಡಣೆ ಎಲ್ಲೂ ಕಾಣಲಿಲ್ಲ, ಆದ್ದರಿಂದ ಅಸಲಿ’ ಎಂದು ಅಣ್ಣ ವಾದಿಸಿದ್ದು ಅದಕ್ಕೇ ನಿಲ್ಲುವುದಿಲ್ಲ. ಅಚ್ಚು, ಕುಗ್ಗಿಸುವಿಕೆ, ಬಣ್ಣ ಮಾಸುವಿಕೆ ಇವು ಯಾವುದೂ ಕೆಡಿಸಲಾರದ್ದು ರೇಖಾಗಣಿತ ಮಾತ್ರ: ಬೆಳಕು ಎಲ್ಲಿಂದ ಬಂತು, ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು. ನಾನು ಅಷ್ಟನ್ನೇ ಹಿಡಿದುಕೊಂಡೆ.

ಮೊದಲ ಸುಳಿವು ಕೊಟ್ಟದ್ದು ನಿಮ್ಮ ಶರ್ಟಿನ ಜೇಬು. ಮನೆಗೆ ತಂದು ನೋಡಿದಾಗ ‘ಜೇಬು ಬಲಕ್ಕಿದೆಯಲ್ಲ’ ಎಂದು ಗುರುತಿಸಿದವರು ನೀವೇ. ಕಟಿಂಗ್ ಶಾಪಿನಲ್ಲಿ ಯಾಕೆ ಕಾಣಲಿಲ್ಲ ಎಂದರೆ ಅಲ್ಲಿ ನೀವು ನೋಡಿದ್ದು ಕನ್ನಡಿಯಲ್ಲಿ. ಎಡಬಲ ತಿರುಗಿದ ಚಿತ್ರ ಕನ್ನಡಿಯಲ್ಲಿ ಮತ್ತೊಮ್ಮೆ ತಿರುಗಿ ಸರಿಯಾಗಿಬಿಟ್ಟಿತ್ತು. ಗಂಡಸರ ಶರ್ಟಿನ ಜೇಬು ಎದೆಯ ಎಡಕ್ಕೆ, ಗುಂಡಿಪಟ್ಟಿಯಲ್ಲಿ ಎಡಭಾಗ ಮೇಲೆ. ಕ್ಯಾಲೆಂಡರಿನಲ್ಲಿ ಎರಡೂ ಉಲ್ಟಾ. ಅಂದರೆ ನಿಮ್ಮನ್ನು ಎಡಬಲ ತಿರುಗಿಸಿದ್ದಾರೆ. ತಾಜ್ ಮಹಲ್ ಎರಡೂ ಕಡೆ ಒಂದೇ ಥರ ಇರುವ ಕಟ್ಟಡ, ಅದನ್ನು ತಿರುಗಿಸಿದರೂ ಯಾರಿಗೂ ಗೊತ್ತಾಗುವುದಿಲ್ಲ. ಹಾಗಾಗಿ ಇಡೀ ಚಿತ್ರವನ್ನೇ ತಿರುಗಿಸಿ ಅಚ್ಚು ಹಾಕಿರಬಹುದಲ್ಲ ಎನ್ನುವ ಸಾಧ್ಯತೆ ಉಳಿಯುತ್ತದೆ. ಅದಕ್ಕೇ ಜೇಬಿನಿಂದಲೇ ತೀರ್ಪು ಕೊಡಲಾಗದು.

ತೀರ್ಪಿಗೆ ಹತ್ತಿರ ತಂದದ್ದು ನಿಮ್ಮ ಬೀಳ್ಕೊಡುಗೆಯ ಆಲ್ಬಮ್. ತಿರುಗಿಸಿದ ಚಿತ್ರ ಎಂದ ಮೇಲೆ ಅದರ ಮೂಲ ಎಲ್ಲೋ ಇರಲೇಬೇಕು. ಆ ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಕಪ್ಪು ಚಪ್ಪಲಿ ನೋಡಿದ ದೊಡ್ಡಮ್ಮನೇ ‘ಇದು ರಿಟೈರಾದ ದಿನದ ಶರ್ಟು’ ಎಂದರಂತೆ. ಅಣ್ಣ ಆಲ್ಬಮ್ಮಿನ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಳಿಸಿದ. ಮಧ್ಯದಲ್ಲಿ ನಿಮ್ಮನ್ನು ಕುರ್ಚಿಯಲ್ಲಿ ಕೂರಿಸಿದ ದೊಡ್ಡ ಗ್ರೂಪ್ ಫೋಟೊ ಉಪಯೋಗಕ್ಕೆ ಬರಲಿಲ್ಲ, ಕ್ಯಾಲೆಂಡರಿನಲ್ಲಿ ನೀವು ನಿಂತಿದ್ದೀರಲ್ಲ. ಅದರ ಮುಂದಿನ ಹಾಳೆಯಲ್ಲಿ ಧ್ವಜಕಟ್ಟೆಯ ಹತ್ತಿರ ನಾಲ್ಕು ಜನ ಮೇಷ್ಟ್ರುಗಳು ನಿಂತ ಫೋಟೊ ಇದೆ ನೋಡಿ, ಅದೇ. ಅಂಚಿನಲ್ಲಿ 31-05-2013 ಎಂದು ಅಚ್ಚಾಗಿದೆ.

ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡುವ ಕ್ರಮ ಅಣ್ಣನಿಗಾಗಿ ಬರೆಯುತ್ತೇನೆ. ಅವನ ಲ್ಯಾಪ್‌ಟಾಪಿನಲ್ಲಿ ಜಿಂಪ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಲಿ. ಆಲ್ಬಮ್ಮಿನ ಚಿತ್ರವನ್ನು ತೆರೆದು, ಅದರ ಮೇಲೆ ಕ್ಯಾಲೆಂಡರಿನ ಚಿತ್ರವನ್ನು ಇನ್ನೊಂದು ಪದರವಾಗಿ ತಂದು, ಈ ಎರಡು ಕೆಲಸ ಮಾಡಲಿ:

```
Layer > Transform > Flip Horizontally
Layers panel > Mode > Difference
```

ಮೊದಲನೆಯದು ಚಿತ್ರವನ್ನು ಮತ್ತೆ ಸರಿಯಾದ ಕಡೆಗೆ ತಿರುಗಿಸುತ್ತದೆ. ಎರಡನೆಯದು ಮೇಲಿನ ಕೆಳಗಿನ ಚಿತ್ರಗಳ ವ್ಯತ್ಯಾಸವನ್ನು ಮಾತ್ರ ತೋರಿಸುತ್ತದೆ. ಎರಡೂ ಒಂದೇ ಆದ ಕಡೆ ಕಪ್ಪಾಗುತ್ತದೆ. ಗಾತ್ರ ಹೊಂದಿಸಲು ದೂರದೂರದ ಎರಡು ಗುರುತು ಬೇಕು. ಕನ್ನಡಕದ ಮೂಲೆ ಒಂದು, ಶರ್ಟಿನ ಕೊನೆಯ ಗುಂಡಿ ಇನ್ನೊಂದು. ಆ ಎರಡು ಕೂಡಿದ ಮೇಲೆ ಉಳಿದದ್ದನ್ನು ನೋಡಬೇಕು. ಬಣ್ಣ ಬೇರೆ ಇರುವುದರಿಂದ ಪೂರ್ತಿ ಕಪ್ಪಾಗುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬಾರದು. ನೋಡಬೇಕಾದದ್ದು ಬಟ್ಟೆಯ ಮಡಿಕೆಗಳನ್ನು. ಮೊಣಕೈ ಮಡಿಚಿದಲ್ಲಿ ಏಳುವ ನೆರಿಗೆ, ಹೊಟ್ಟೆಯ ಹತ್ತಿರದ ಸುಕ್ಕು, ಪ್ಯಾಂಟಿನ ಪಾದದ ಮೇಲೆ ಮುರಿದು ಕೂತ ಮಡಿಕೆ. ಅದೇ ಶರ್ಟನ್ನು ಇನ್ನೊಂದು ದಿನ ಹಾಕಿಕೊಂಡರೆ, ಅಷ್ಟೇಕೆ, ಒಂದು ಹೆಜ್ಜೆ ಮುಂದಿಟ್ಟು ನಿಂತರೂ ಮಡಿಕೆಗಳು ಬೇರೆಯಾಗುತ್ತವೆ. ಈ ಎರಡು ಚಿತ್ರದಲ್ಲಿ ನಾನು ಗುರುತು ಹಾಕಿಕೊಂಡ ಮಡಿಕೆಗಳೆಲ್ಲ ಒಂದರ ಮೇಲೊಂದು ಕೂತವು, ಜೇಬಿನ ಪೆನ್ನುಗಳ ಓರೆಯೂ ಕೂಡ.

ತಿರುಗಿಸಿದ್ದು ಯಾಕೆ ಎನ್ನುವುದೂ ಇಲ್ಲಿ ಬಯಲಾಯಿತು. ಮೂಲ ಫೋಟೊದಲ್ಲಿ ನಿಮ್ಮ ಎಡಭುಜದ ಮೇಲೆ ಪಕ್ಕದ ಮೇಷ್ಟ್ರ ಭುಜ ಬಂದಿದೆ. ನಿಮ್ಮನ್ನು ಕತ್ತರಿಸಿ ತೆಗೆದಾಗ ಆ ಭುಜ ಅರ್ಧ ಇಲ್ಲ. ಕ್ಯಾಲೆಂಡರಿನಲ್ಲಿ ಫೋನ್ ನಂಬರಿನ ಹಳದಿ ಪಟ್ಟಿ ಎಡಗಡೆ ಇದೆ. ತಿರುಗಿಸಿದರೆ ಆ ಕೊರೆದ ಭುಜ ಸರಿಯಾಗಿ ಪಟ್ಟಿಯ ಹಿಂದೆ ಹೋಗುತ್ತದೆ. ಮಾಡಿದವನಿಗೆ ಕೈ ಪಳಗಿದೆ ಎಂದು ಒಪ್ಪಲೇಬೇಕು.

ಈಗ ನೆರಳಿಗೆ ಬರುತ್ತೇನೆ. ಆಲ್ಬಮ್ ಸಿಗದೇ ಹೋಗಿದ್ದರೂ ಇದೊಂದೇ ಸಾಕಾಗುತ್ತಿತ್ತು.

ತಾಜ್ ಮಹಲಿನ ಉತ್ತರಕ್ಕೆ ಯಮುನೆ, ದಕ್ಷಿಣಕ್ಕೆ ತೋಟ ಮತ್ತು ಹೆಬ್ಬಾಗಿಲು. ಕೊಳ ಉತ್ತರ ದಕ್ಷಿಣವಾಗಿ ನೇರವಾಗಿದೆ. ಎಲ್ಲರೂ ತೆಗೆಸಿಕೊಳ್ಳುವ ಆ ಫೋಟೊದಲ್ಲಿ ಕ್ಯಾಮೆರಾ ಉತ್ತರಕ್ಕೆ ನೋಡುತ್ತಿರುತ್ತದೆ, ನಿಂತವರು ದಕ್ಷಿಣಕ್ಕೆ ಮುಖ ಮಾಡಿರುತ್ತಾರೆ. ಆಗ್ರಾದ ಅಕ್ಷಾಂಶ ಸುಮಾರು 27.2 ಡಿಗ್ರಿ ಉತ್ತರ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಮೇಲೆ. ಹಾಗಾಗಿ ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷದ ಯಾವ ದಿನವೂ ನೆತ್ತಿಯನ್ನು ಮುಟ್ಟುವುದಿಲ್ಲ, ನೆತ್ತಿಯ ದಕ್ಷಿಣಕ್ಕೇ ಉಳಿಯುತ್ತಾನೆ. ನೆರಳು ಉತ್ತರಕ್ಕೆ, ಅಂದರೆ ನಿಂತವರ ಬೆನ್ನ ಹಿಂದೆ, ತಾಜ್ ಮಹಲಿನ ಕಡೆಗೆ ಬೀಳಬೇಕು. ಡಿಸೆಂಬರ್ 25ರಂದು ಆಗ್ರಾದಲ್ಲಿ ಮಧ್ಯಾಹ್ನದ ಸೂರ್ಯನ ಎತ್ತರ 39 ಡಿಗ್ರಿ ಚಿಲ್ಲರೆ. 165 ಸೆಂಟಿಮೀಟರ್ ಎತ್ತರದ ನಿಮ್ಮ ನೆರಳು ಆಗ ಎರಡು ಮೀಟರ್ ಉದ್ದ ಇರಬೇಕು, ದಿನದ ಉಳಿದ ಹೊತ್ತಿನಲ್ಲಿ ಇನ್ನೂ ಉದ್ದ. ಮುಖದ ಮೇಲೆ ಚೆನ್ನಾಗಿ ಬಿಸಿಲು ಬಿದ್ದು ನೀವು ಕಣ್ಣು ಕಿರಿದು ಮಾಡಿರಬೇಕು.

ಚಿತ್ರದಲ್ಲಿ ಇರುವುದೇನು? ನಿಮ್ಮ ನೆತ್ತಿ ಮತ್ತು ಭುಜದ ಮೇಲ್ಭಾಗ ಬೆಳ್ಳಗೆ ಹೊಳೆಯುತ್ತಿದೆ, ಮುಖ ಪೂರ್ತಿ ಮಬ್ಬು. ನೆರಳು ಗಿಡ್ಡ, ಪಾದದ ಮುಂದೆ, ಕ್ಯಾಮೆರಾದ ಕಡೆಗೆ ಬಿದ್ದಿದೆ. ಅಂದರೆ ಸೂರ್ಯ ನೆತ್ತಿಯ ಹತ್ತಿರ, ಆದರೆ ಸ್ವಲ್ಪ ನಿಮ್ಮ ಬೆನ್ನ ಕಡೆಗೆ ಇದ್ದಾನೆ. ಬೆನ್ನ ಕಡೆ ಎಂದರೆ ತಾಜ್ ಮಹಲಿನಲ್ಲಿ ಉತ್ತರ. ಅಲ್ಲಿ ಅದು ಸಾಧ್ಯವೇ ಇಲ್ಲ.

ನೀವು ಒಂದು ಆಕ್ಷೇಪ ಎತ್ತುತ್ತೀರಿ ಎಂದು ಗೊತ್ತು: ಬೇಸಿಗೆಯಲ್ಲಿ ಸೂರ್ಯ ಪೂರ್ವಕ್ಕಿಂತ ಉತ್ತರಕ್ಕೆ ಸರಿದು ಹುಟ್ಟುತ್ತಾನಲ್ಲ, ಆಗ ಆಗ್ರಾದಲ್ಲೂ ನೆರಳು ದಕ್ಷಿಣಕ್ಕೆ ವಾಲುವುದಿಲ್ಲವೇ? ವಾಲುತ್ತದೆ, ಜೂನ್ ತಿಂಗಳ ಬೆಳಗು ಸಂಜೆಗಳಲ್ಲಿ. ಆದರೆ ಅದು ಮುಖ್ಯವಾಗಿ ಪಕ್ಕಕ್ಕೆ ಬಿದ್ದು ಸ್ವಲ್ಪ ದಕ್ಷಿಣಕ್ಕೆ ಓರೆಯಾದ ಉದ್ದ ನೆರಳು. ಸೂರ್ಯ 60 ಡಿಗ್ರಿ ಏರುವಷ್ಟರಲ್ಲಿ ಆ ಓರೆಯೂ ಹೋಗಿಬಿಡುತ್ತದೆ. ಗಿಡ್ಡಗೂ ಇರಬೇಕು, ನೇರ ದಕ್ಷಿಣಕ್ಕೂ ಬೀಳಬೇಕು, ಈ ಎರಡೂ ಕೂಡಿ ಬರುವ ಗಳಿಗೆ ಆಗ್ರಾದ ಪಂಚಾಂಗದಲ್ಲೇ ಇಲ್ಲ.

ಹಿರಿಯೂರಿನಲ್ಲಿ ಇದೆ. ನಮ್ಮ ಅಕ್ಷಾಂಶ 14 ಡಿಗ್ರಿಯ ಹತ್ತಿರ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋದವನು ಆಗಸ್ಟ್ ನಡುವಿಗೆ ವಾಪಸಾಗುತ್ತಾನೆ. ದಾಟುವ ಆ ಎರಡು ಹೊತ್ತನ್ನು ಈಗ ಪತ್ರಿಕೆಗಳು ‘ಶೂನ್ಯ ನೆರಳಿನ ದಿನ’ ಎಂದು ಬರೆಯುತ್ತವೆ. ಅವೆರಡರ ನಡುವೆ ನಮ್ಮಲ್ಲಿ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ. (ಇಲ್ಲಿ 52 ಡಿಗ್ರಿ ಅಕ್ಷಾಂಶದಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಹೇಳಿದರೆ ಚಿತ್ರ ಬಿಡಿಸಿ ತೋರಿಸಿದ ಮೇಲೂ ನಂಬುವುದಿಲ್ಲ.) ಮೇ 31ರಂದು ಸೂರ್ಯ ಸುಮಾರು 22 ಡಿಗ್ರಿ ಉತ್ತರದಲ್ಲಿರುತ್ತಾನೆ. ಅದರಲ್ಲಿ ನಮ್ಮ 14 ಕಳೆದರೆ 8. ನೆತ್ತಿಯಿಂದ 8 ಡಿಗ್ರಿ ಉತ್ತರಕ್ಕೆ ಸೂರ್ಯ ಎಂದರೆ 165 ಸೆಂಟಿಮೀಟರ್ ಎತ್ತರದವರಿಗೆ 23 ಸೆಂಟಿಮೀಟರ್ ನೆರಳು, ದಕ್ಷಿಣಕ್ಕೆ. ನಿಮ್ಮ ಶಾಲೆಯ ಕಟ್ಟಡದ ಮುಖ ದಕ್ಷಿಣಕ್ಕೆ. ಅದಕ್ಕೆ ಬೆನ್ನು ಕೊಟ್ಟು ನಿಂತರೆ ನೆರಳು ಮುಂದೆ ಬೀಳುತ್ತದೆ, ಮುಖ ಮಬ್ಬಾಗುತ್ತದೆ. ಚಿತ್ರದಲ್ಲಿ ಇರುವುದು ಅದೇ.

ಆ 23 ಸೆಂಟಿಮೀಟರನ್ನು ಚಿತ್ರದಲ್ಲಿ ಅಳೆಯುವುದಕ್ಕೆ ಸ್ಕೇಲು ಇಟ್ಟರೆ ಮೋಸಹೋಗುತ್ತೀರಿ. ನೆಲದ ಮೇಲೆ ಕ್ಯಾಮೆರಾದ ಕಡೆಗೆ ಚಾಚಿದ ಯಾವುದೇ ವಸ್ತು ಫೋಟೊದಲ್ಲಿ ಕುಗ್ಗಿ ಕಾಣುತ್ತದೆ, ನಿಮ್ಮ ಎತ್ತರದ ಅಳತೆ ಅದಕ್ಕೆ ಹೊಂದುವುದಿಲ್ಲ. ಅಲ್ಲೇ, ಅದೇ ದಿಕ್ಕಿಗೆ ಚಾಚಿರುವ ಗೊತ್ತಿರುವ ಅಳತೆ ಒಂದು ಬೇಕು. ನಿಮ್ಮ ಪಾದವೇ ಇದೆಯಲ್ಲ. ಕಾಲಿನ ಹರಡಿನಿಂದ ಹೆಬ್ಬೆರಳಿನ ತುದಿಗೆ ಸುಮಾರು 20 ಸೆಂಟಿಮೀಟರ್. ತಲೆಯ ನೆರಳು ಹೆಬ್ಬೆರಳನ್ನು ದಾಟಿ ಕೂದಲೆಳೆಯಷ್ಟು ಮುಂದೆ ಹೋಗಿದೆ. 23ಕ್ಕೆ ಇದಕ್ಕಿಂತ ಹತ್ತಿರ ಬರಲು ಅಚ್ಚಿನ ಚಿತ್ರದಲ್ಲಿ ಆಗುವುದಿಲ್ಲ.

ಕತ್ತರಿಸಿ ಅಂಟಿಸುವವರು ಸಾಮಾನ್ಯವಾಗಿ ಹಳೆಯ ನೆರಳನ್ನು ಬಿಟ್ಟು ಹೊಸದಾಗಿ ಒಂದು ಕಪ್ಪು ಮಬ್ಬು ಬಳಿಯುತ್ತಾರೆ. ಹಾಗೆ ಬಳಿದ ನೆರಳಿನಿಂದ ಏನನ್ನೂ ತೀರ್ಮಾನಿಸಬಾರದು. ಇಲ್ಲಿ ಹಾಗಾಗಿಲ್ಲ. ಚಪ್ಪಲಿ, ಬೆರಳುಗಳ ಸುತ್ತ ನಾಜೂಕಾಗಿ ಕತ್ತರಿಸುವುದು ತಲೆನೋವಿನ ಕೆಲಸ. ತಾಜ್ ಮಹಲಿನ ತೋಟದ ದಾರಿಗಳು ಕೆಂಪು ಮರಳುಗಲ್ಲಿನವು, ನಿಮ್ಮ ಶಾಲೆಯ ಅಂಗಳ ಕೆಮ್ಮಣ್ಣು. ಬಣ್ಣ ಹೊಂದುತ್ತದೆ ಎಂದು ಪಾದದ ಸುತ್ತಲಿನ ಒಂದು ತುಂಡು ನೆಲವನ್ನು ನೆರಳಿನ ಸಮೇತ ತಂದು, ಅಂಚನ್ನು ಮಾತ್ರ ಕರಗಿಸಿದ್ದಾನೆ. ನಿಮ್ಮ ಎರಡು ಪಾದಗಳ ನಡುವೆ ನೋಡಿ: ಸುತ್ತಮುತ್ತ ಎಲ್ಲ ಕಡೆ ಹಾಸುಗಲ್ಲಿನ ಸಂದಿಗೆರೆ ಇದೆ, ಅಲ್ಲಿ ಮಾತ್ರ ಇಲ್ಲ. ಅದು ಹಿರಿಯೂರಿನ ಮಣ್ಣು.

ಇನ್ನು ಕ್ಯಾಮೆರಾದ ಎತ್ತರ. ಇದಕ್ಕೆ ಕ್ಯಾಲೆಂಡರಿನ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಕೊಳದ ಎರಡು ಅಂಚುಗಳ ಮೇಲೆ ಗೆರೆ ಎಳೆದು, ಅವು ಕೂಡುವ ತನಕ ಮೇಲಕ್ಕೆ ಬೆಳೆಸಿ. ಸಮತಟ್ಟಾದ ನೆಲದ ಸಮಾನಾಂತರ ಗೆರೆಗಳು ಫೋಟೊದಲ್ಲಿ ಕೂಡುವ ಬಿಂದು ಕ್ಯಾಮೆರಾದ ಕಣ್ಮಟ್ಟ. ಆ ಬಿಂದುವಿನ ಮೂಲಕ ಅಡ್ಡಗೆರೆ ಎಳೆದರೆ, ಅದೇ ನೆಲದ ಮೇಲೆ ನಿಂತ ಎಲ್ಲರನ್ನೂ ಆ ಗೆರೆ ಒಂದೇ ಎತ್ತರದಲ್ಲಿ ದಾಟುತ್ತದೆ, ಹತ್ತಿರವಿದ್ದರೂ ದೂರವಿದ್ದರೂ. ಆ ಎತ್ತರವೇ ಕ್ಯಾಮೆರಾದ್ದು. ನನ್ನ ಅಳತೆ ಹೀಗೆ ಬಂತು: ನಿಮ್ಮ ಪಾದದಿಂದ ತಲೆಗೆ 66 ಮಿಲಿಮೀಟರ್, ಪಾದದಿಂದ ಕಣ್ಮಟ್ಟದ ಗೆರೆಗೆ 92. 66 ಮಿಲಿಮೀಟರಿಗೆ 165 ಸೆಂಟಿಮೀಟರ್ ಎಂದರೆ 92ಕ್ಕೆ 230. ಪೆನ್ಸಿಲ್ ಒಂದು ಮಿಲಿಮೀಟರ್ ಅತ್ತಿತ್ತ ಆದರೆ ಇದು ಕೆಲವು ಸೆಂಟಿಮೀಟರ್ ಬದಲಾಗಬಹುದು, ಆದರೂ ಕ್ಯಾಮೆರಾ ನಿಮ್ಮ ತಲೆಗಿಂತ ಎಷ್ಟೋ ಮೇಲಿತ್ತು ಎನ್ನುವುದು ಬದಲಾಗುವುದಿಲ್ಲ. ಎತ್ತರದ ಕಟ್ಟೆಯ ಮೇಲೆ ನಿಂತು ತೆಗೆದ ತಾಜ್ ಮಹಲಿನ ಚಿತ್ರ ಅದು. ಮಿನಾರುಗಳ ನೇರ ಹಿಡಿದು ಅಳೆಯಲು ಮಾತ್ರ ಹೋಗಬೇಡಿ, ಅವನ್ನು ಕಟ್ಟಿದ್ದೇ ಸ್ವಲ್ಪ ಹೊರಕ್ಕೆ ವಾಲಿಸಿ.

ಅಷ್ಟು ಮೇಲಿನಿಂದ ತೆಗೆದಿದ್ದರೆ ನಿಮ್ಮ ನೆತ್ತಿ ಚೆನ್ನಾಗಿ ಕಾಣಬೇಕು, ಕಾಲರಿನ ಸುತ್ತು ಕೆಳಕ್ಕೆ ಬಾಗಿದ ಬಿಲ್ಲಿನ ಹಾಗೆ ಕಾಣಬೇಕು. ಕಾಣುವುದು ಉಲ್ಟಾ. ಗಲ್ಲದ ಅಡಿಭಾಗ ಸ್ವಲ್ಪ ಕಾಣುತ್ತಿದೆ, ಕಾಲರ್ ಮೇಲಕ್ಕೆ ಬಾಗಿದೆ. ತೆಗೆದವನು ನಿಮಗಿಂತ ತಗ್ಗಿನಲ್ಲಿದ್ದ. ಆಲ್ಬಮ್ಮಿನ ಮೂಲ ಫೋಟೊದಲ್ಲಿ ಕಾಂಪೌಂಡ್ ಗೋಡೆಯ ಮೇಲಂಚು, ಬುಡದ ಅಂಚು ಎರಡನ್ನೂ ಬೆಳೆಸಿದರೆ ನಿಮ್ಮ ಜೇಬಿನ ಕೆಳಗೆ ಕೂಡುತ್ತವೆ, ಸುಮಾರು 110 ಸೆಂಟಿಮೀಟರಿನಲ್ಲಿ. ಸ್ಟುಡಿಯೋದವರು ನಾಲ್ಕು ಜನ ನಿಂತ ಫೋಟೊ ತೆಗೆಯುವಾಗ ಮೊಣಕಾಲೂರಿ ಕೂರುತ್ತಾರಲ್ಲ, ಆ ಎತ್ತರ. ಒಂದೇ ಚಿತ್ರಕ್ಕೆ 230ರಲ್ಲೂ 110ರಲ್ಲೂ ಎರಡು ಕ್ಯಾಮೆರಾ ಇರಲಾರವು.

ಕೆಳಗೆ ಅಚ್ಚಾದ ತಾರೀಕಿನ ಬಗ್ಗೆ ಒಂದು ಮಾತು. 25-12-2015 ಶುಕ್ರವಾರ. ಪ್ರತಿ ಶುಕ್ರವಾರ ತಾಜ್ ಮಹಲ್ ಪ್ರವಾಸಿಗಳಿಗೆ ಬಂದ್. ಅಂದು ಮಧ್ಯಾಹ್ನ ಅಲ್ಲಿಯ ಮಸೀದಿಗೆ ನಮಾಜಿಗೆ ಬರುವವರಿಗೆ ಮಾತ್ರ ಬಿಡುತ್ತಾರೆ. ಇದು ಕೇಳಲು ರುಚಿಯಾಗಿದೆ, ಟೂರ್ ಕಂಪನಿಯವರ ಮುಂದೆ ಹೇಳಿದರೆ ಬಾಯಿ ಮುಚ್ಚುತ್ತಾರೆ. ಆದರೆ ಪುರಾವೆ ಎಂದು ಇದಕ್ಕೆ ಬೆಲೆ ಕಡಿಮೆ. ಸರಿಯಾದ ಫೋಟೊದ ಕೆಳಗೂ ತಪ್ಪು ತಾರೀಕು ಅಚ್ಚಾಗಬಹುದು.

ನಿಮ್ಮ ಪತ್ರದ ಕೊನೆಯ ಸಾಲು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ‘ನೋಡುತ್ತಾ ನೋಡುತ್ತಾ ಚಪ್ಪಲಿಯ ಮೇಲೆ ಬಟ್ಟೆಯ ಚೀಲ ಕಟ್ಟಿಕೊಂಡದ್ದು, ಅಮೃತಶಿಲೆ ಕಾಲಿಗೆ ತಣ್ಣಗಾದದ್ದು ನೆನಪಾದ ಹಾಗಾಗುತ್ತದೆ’ ಎಂದು ಬರೆದಿದ್ದೀರಿ. ಇದು ವಯಸ್ಸಿನ ಮರೆವು ಅಂದುಕೊಳ್ಳಬೇಡಿ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 20 ಜನ ವಯಸ್ಕರಿಗೆ ಅವರ ಬಾಲ್ಯದ ನಿಜವಾದ ಫೋಟೊಗಳ ಜೊತೆ ಒಂದು ಸುಳ್ಳು ಫೋಟೊ ತೋರಿಸಿದರು. ಮನೆಯವರಿಂದ ಪಡೆದ ಚಿತ್ರವನ್ನು ಕತ್ತರಿಸಿ, ಬಿಸಿಗಾಳಿಯ ಬಲೂನಿನಲ್ಲಿ ಹಾರುತ್ತಿರುವಂತೆ ಜೋಡಿಸಿದ್ದು. ಅವರಲ್ಲಿ ಯಾರೂ ಬಲೂನು ಹತ್ತಿದವರಲ್ಲ. ಮೊದಲು ‘ನೆನಪಿಲ್ಲ’ ಎಂದವರಿಗೆ, ಮತ್ತೆ ಪ್ರಯತ್ನಿಸಿ ನೋಡಿ ಎಂದು ಹೇಳಿ ಕಳಿಸಿ, ಮೂರು ಬಾರಿ ಕರೆದು ಮಾತಾಡಿಸುವಷ್ಟರಲ್ಲಿ ಅರ್ಧದಷ್ಟು ಜನ ಪೂರ್ತಿಯೋ ಅಷ್ಟಿಷ್ಟೋ ‘ನೆನಪು’ ಹೇಳತೊಡಗಿದ್ದರು. ಅವರು ಮುದುಕರಲ್ಲ, ರೋಗಿಗಳೂ ಅಲ್ಲ. ಫೋಟೊದಲ್ಲಿ ಮುಖ ತನ್ನದೇ ಆಗಿದ್ದಾಗ ಮನಸ್ಸು ಉಳಿದ ವಿವರಗಳನ್ನು ಬೇರೆ ಕಡೆಯಿಂದ ತಂದು ತುಂಬುತ್ತದೆ. ಚಪ್ಪಲಿಯ ಚೀಲದ ಸಂಗತಿ ನೀವು ತರಗತಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದದ್ದು, ಆಗ್ರಾಕ್ಕೆ ಹೋಗಿಬಂದ ಸಹೋದ್ಯೋಗಿಗಳಿಂದ ಕೇಳಿದ್ದು. ತಣ್ಣನೆಯ ಕಲ್ಲು ಯಾವ ದೇವಸ್ಥಾನದ್ದೋ.

ಆದ್ದರಿಂದ ಅಣ್ಣನಿಗೂ ಅತ್ತಿಗೆಗೂ ಒಂದು ಬಿನ್ನಹ. ‘ಚೆನ್ನಾಗಿ ಯೋಚನೆ ಮಾಡಿ, ನೆನಪಾಗುತ್ತದೆ’ ಎಂದು ದೊಡ್ಡಪ್ಪನನ್ನು ಒತ್ತಾಯಿಸಬೇಡಿ. ಆ ಪ್ರಯೋಗದಲ್ಲಿ ಸುಳ್ಳು ನೆನಪು ಬೆಳೆದದ್ದು ಅಂಥ ಒತ್ತಾಯದಿಂದಲೇ. ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ಬೀರುವಿನಲ್ಲಿಡಿ, ಮಡಿಸಬೇಡಿ, ಬಿಸಾಡಬೇಡಿ. ಮರೆವಿನ ಅನುಮಾನ ಬೇರೆ ಕಾರಣಕ್ಕೆ ಇದ್ದರೆ, ಹಾಲು ಒಲೆಯ ಮೇಲಿಟ್ಟು ಮರೆಯುವುದು, ಗೊತ್ತಿರುವ ದಾರಿ ತಪ್ಪುವುದು ಇಂಥವು ಇದ್ದರೆ, ಡಾಕ್ಟರಿಗೆ ತೋರಿಸಿ. ಈ ಫೋಟೊವನ್ನು ಅದರ ಲೆಕ್ಕಕ್ಕೆ ಹಿಡಿಯಬೇಡಿ.

ಮಾಡಿದವರು ಯಾರು ಎನ್ನುವುದಕ್ಕೆ ಪತ್ತೇದಾರಿಕೆ ಬೇಕಾಗಿಲ್ಲ. ಬೀಳ್ಕೊಡುಗೆಯ ಫೋಟೊ ತೆಗೆದ ಸ್ಟುಡಿಯೋದವರೇ ಫ್ಲೆಕ್ಸ್, ಕ್ಯಾಲೆಂಡರ್ ಡಿಸೈನ್ ಕೂಡ ಮಾಡುತ್ತಾರೆ ಎಂದು ಅಣ್ಣ ಹೇಳಿದ. ಊರಿಗೆಲ್ಲ ಗೊತ್ತಿರುವ ಒಬ್ಬ ಮೇಷ್ಟ್ರ ಮುಖ ಬೇಕಿತ್ತು, ಹಳೆಯ ಹಾರ್ಡ್ ಡಿಸ್ಕಿನಲ್ಲಿ ಸಿಕ್ಕಿತು. ಅವರಿಗೆ ಇದು ‘ಬ್ಯಾಕ್‌ಗ್ರೌಂಡ್ ಚೇಂಜ್’, ದಿನಕ್ಕೆ ಹತ್ತು ಮಾಡುವ ಕೆಲಸ. ಜಗಳವಾಡಬೇಡಿ. ಕ್ಯಾಲೆಂಡರಿನ ಪಿಎಸ್‌ಡಿ, ಅಂದರೆ ಫೋಟೊಶಾಪಿನ ಮೂಲ ಕಡತ ತೋರಿಸಿ ಎಂದು ಮಾತ್ರ ಕೇಳಿ. ಅದರಲ್ಲಿ ಪದರಗಳು ಬೇರೆಬೇರೆ ಇರುತ್ತವೆ. ನಿಮ್ಮ ಪದರದ ಪಕ್ಕದ ಕಣ್ಣಿನ ಗುರುತನ್ನು ಒತ್ತಿದರೆ ನೀವು ಮಾಯವಾಗಿ ಬರೀ ತಾಜ್ ಮಹಲ್ ಉಳಿಯುತ್ತದೆ. ಅದು ನಿಮ್ಮ ಕಣ್ಣ ಮುಂದೆ ಒಮ್ಮೆ ಆಗಬೇಕು. ಕಡತ ಅಳಿಸಿಬಿಟ್ಟಿದ್ದೇವೆ ಎಂದರೆ ಒತ್ತಾಯ ಬೇಡ, ಆಲ್ಬಮ್ಮಿನ ಫೋಟೊ ಸಾಕು.

ಟೂರ್ ಕಂಪನಿಗೆ ಪತ್ರ ನೀವೇ ಬರೆಯಿರಿ, ನಿಮ್ಮ ಅಕ್ಷರದಲ್ಲಿ. ಮೂರು ಸಂಗತಿ ಸಾಕು: ಆ ಪ್ರವಾಸಕ್ಕೆ ನಾನು ಬಂದಿಲ್ಲ, ನನ್ನ ಚಿತ್ರ ಬಳಸಲು ನನ್ನನ್ನು ಕೇಳಿಲ್ಲ, ಉಳಿದ ಪ್ರತಿಗಳನ್ನೂ ಫೋನಿನಲ್ಲಿ ಹಂಚುತ್ತಿರುವ ಚಿತ್ರವನ್ನೂ ಹಿಂತೆಗೆಯಿರಿ. ಜೊತೆಗೆ ಎರಡು ಫೋಟೊಗಳ ಪ್ರತಿ, ಟ್ರೇಸಿಂಗ್ ಪೇಪರಿನ ಗೆರೆಗಳು. ಬಾರದವರನ್ನು ಬಂದರು ಎಂದು ತೋರಿಸಿ ಗಿರಾಕಿ ಹಿಡಿಯುವುದು ದಾರಿ ತಪ್ಪಿಸುವ ಜಾಹೀರಾತು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಹೆಸರಿಸಿಯೇ ಹೇಳುತ್ತದೆ; ಅವರು ಬಗ್ಗದಿದ್ದರೆ ಮಾತ್ರ ಅಣ್ಣ ವಕೀಲರನ್ನು ಕೇಳಲಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ನೆರಳಿನ ಲೆಕ್ಕವನ್ನು ನೀವು ಕೈಯಾರೆ ನೋಡಬೇಕೆಂದು ಆಸೆ. ಈ ಪತ್ರ ತಲುಪುವಷ್ಟರಲ್ಲಿ ಹೊತ್ತೂ ಸರಿಯಾಗಿರುತ್ತದೆ. ಮೇ 25ರಿಂದ ಜೂನ್ 10ರ ಒಳಗೆ ಮೋಡವಿಲ್ಲದ ಯಾವ ದಿನವಾದರೂ ಆದೀತು. ಒಂದು ಮೀಟರ್ ಉದ್ದದ ನೇರ ಕೋಲನ್ನು ಶಾಲೆಯ ಅಂಗಳದಲ್ಲಿ ನೆಡಿಸಿ, ದಾರಕ್ಕೆ ಗುಂಡು ಕಟ್ಟಿ ನೆಟ್ಟಗಿದೆಯೇ ನೋಡಿ. ಒಂದು ಡಿಗ್ರಿ ವಾಲಿದರೂ ನೆರಳಿನಲ್ಲಿ ಒಂದೂಮುಕ್ಕಾಲು ಸೆಂಟಿಮೀಟರ್ ತಪ್ಪು ಬರುತ್ತದೆ. ನಮ್ಮ ರೇಖಾಂಶಕ್ಕೆ ನಡುಮಧ್ಯಾಹ್ನ ಗಡಿಯಾರದ ಹನ್ನೆರಡಕ್ಕೆ ಆಗುವುದಿಲ್ಲ, 12 ಗಂಟೆ 21 ನಿಮಿಷದ ಸುಮಾರಿಗೆ. ಹನ್ನೆರಡರಿಂದ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಮೊಳೆ ಚುಚ್ಚುತ್ತಾ ಹೋಗಿ, ಎಲ್ಲಕ್ಕಿಂತ ಗಿಡ್ಡದ್ದು 12ರಿಂದ 16 ಸೆಂಟಿಮೀಟರ್ ಬರಬೇಕು, ಅದೂ ಕಟ್ಟಡಕ್ಕೆ ಬೆನ್ನು ಮಾಡಿ ದಕ್ಷಿಣಕ್ಕೆ. ತಲೆಗೆ ಟವೆಲ್ ಸುತ್ತಿಕೊಳ್ಳದೆ ಹೋಗಬೇಡಿ, ಅಣ್ಣನನ್ನೂ ಎಳೆದುಕೊಂಡು ಹೋಗಿ, ಮೊಳೆ ಚುಚ್ಚುವ ಕೆಲಸ ಅವನದು. ಅಳತೆ ಬಂದ ಮೇಲೆ ನನಗೂ ತಿಳಿಸಿ.

ದೊಡ್ಡಮ್ಮನಿಗೆ ನಮಸ್ಕಾರಗಳು, ಅತ್ತಿಗೆಗೂ ಮಕ್ಕಳಿಗೂ ಪ್ರೀತಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ತಮ್ಮನ ಮಗಳು